ಕ್ಲೋನ್ ಬೂಟ್ ಆಯ್ತು ಅಂದ ಮಾತ್ರಕ್ಕೆ ಡೇಟಾ ಪೂರ್ತಿ ಬಂತು ಅಂತಲ್ಲ

ಕಬ್ಬಿನ ಹಂಗಾಮು ಹತ್ತಿರ ಬಂದಾಗ ಬಾಗಲಕೋಟೆಯ ನಮ್ಮ ಅಂಗಡಿಗೆ ಲಾರಿ ತೂಗುವ ಕಾಟಾದ ಕಂಪ್ಯೂಟರ್‌ಗಳು ಜಾಸ್ತಿ ಬರುತ್ತವೆ. ಧೂಳು, ಬಿಸಿಲು, ಲಾರಿ ಹತ್ತಿ ಇಳಿಯುವಾಗಿನ ಅದುರಾಟ. ಹಾರ್ಡ್ ಡಿಸ್ಕ್ ಎಷ್ಟು ದಿನ ತಡೆದೀತು? ಮುಧೋಳ ಕಡೆಯ ಒಂದು ಕಾಟಾದಿಂದ ಬಂದ ಮಷಿನ್ ಬಗ್ಗೆ ಹೇಳುತ್ತೇನೆ. ವಿಂಡೋಸ್ 7, 320 ಜಿಬಿ ಹಾರ್ಡ್ ಡಿಸ್ಕ್. ಜೊತೆಗೆ ಮಾಲಕರು ಹೊಸದೊಂದು 500 ಜಿಬಿ ಎಸ್‌ಎಸ್‌ಡಿ ತಂದಿದ್ದರು.

“ಸರ, ಹಳೇದರಾಗ ಇರೋ ಫೈಲೆಲ್ಲಾ ಇದಕ್ಕ ಕಾಪಿ ಮಾಡಿ ಕೊಡ್ರಿ, ಅಷ್ಟ ಸಾಕು” ಅಂದರು.

ಬರೀ ಫೋಟೋ, ಬಿಲ್ ಇದ್ದಿದ್ದರೆ ಅಷ್ಟೇ ಸಾಕಿತ್ತು. ಆದರೆ ಇದು ಸಿಸ್ಟಮ್ ಡಿಸ್ಕ್. ಬೂಟ್ ಆಗಲು ಬೇಕಾದ ಕೆಲವು ವಿಷಯಗಳು ಫೈಲ್ ರೂಪದಲ್ಲೇ ಇರುವುದಿಲ್ಲ. ಡಿಸ್ಕಿನ ಮೊಟ್ಟಮೊದಲ ಸೆಕ್ಟರ್, ಅಂದರೆ 512 ಬೈಟ್‌ಗಳ ಎಂಬಿಆರ್ ತಗೊಳ್ಳಿ. ಬೂಟ್ ಕೋಡ್, 4 ಬೈಟ್‌ಗಳ ಡಿಸ್ಕ್ ಸಿಗ್ನೇಚರ್, ಪಾರ್ಟಿಷನ್ ಪಟ್ಟಿ ಎಲ್ಲ ಅಲ್ಲೇ ಇರುತ್ತವೆ. ಅದರ ನಂತರ 100 ಎಂಬಿಯ ಸಿಸ್ಟಮ್ ರಿಸರ್ವ್ಡ್ ಪಾರ್ಟಿಷನ್. ಅದಕ್ಕೆ ಡ್ರೈವ್ ಅಕ್ಷರ ಇಲ್ಲ, ಹಾಗಾಗಿ ಮೈ ಕಂಪ್ಯೂಟರ್‌ನಲ್ಲಿ ಕಾಣುವುದೂ ಇಲ್ಲ. ವಿಂಡೋಸ್ ಎಲ್ಲಿದೆ ಅಂತ ಬೂಟ್ ಮ್ಯಾನೇಜರ್ ಹುಡುಕುವುದು ಆ ಸಿಗ್ನೇಚರ್ ಮತ್ತು ಪಾರ್ಟಿಷನ್ ಶುರುವಾಗುವ ಜಾಗ ನೋಡಿಕೊಂಡೇ. C: ಫೈಲೆಲ್ಲ ಕಾಪಿ ಮಾಡಿದರೂ ಇದು ಯಾವುದೂ ಜೊತೆಗೆ ಬರಲ್ಲ. ಆಮೇಲೆ `bcdboot` ಹಾಕಿ ಬೂಟ್ ಮಾಡಿಸಬಹುದು ನಿಜ. ಆದರೆ ಎಕ್ಸ್‌ಪ್ಲೋರರ್‌ನಲ್ಲಿ ಕಾಪಿ ಮಾಡಿದಾಗ ಫೈಲ್ ಪರ್ಮಿಷನ್ ಬದಲಾಗಿರುತ್ತದೆ, WinSxS ಒಳಗಿನ ಹಾರ್ಡ್ ಲಿಂಕ್‌ಗಳು ಬೇರೆ ಬೇರೆ ಫೈಲ್‌ಗಳಾಗಿ ಜಾಗ ತಿನ್ನುತ್ತವೆ.

ಕಾಟಾ ಸಾಫ್ಟ್‌ವೇರ್‌ಗೆ ಇನ್ನೊಂದು ತೊಡಕಿತ್ತು. ಅದರ ಲೈಸೆನ್ಸ್ C: ಡ್ರೈವಿನ ವಾಲ್ಯೂಮ್ ಸೀರಿಯಲ್ ನಂಬರಿಗೆ ಕಟ್ಟಿದ್ದು. `vol C:` ಹೊಡೆದರೆ ಕಾಣುವ ನಂಬರ್ ಅದು. ಹೊಸ ಡಿಸ್ಕ್ ಫಾರ್ಮ್ಯಾಟ್ ಮಾಡಿದ ಕೂಡಲೇ ಆ ನಂಬರ್ ಬೇರೆಯಾಗುತ್ತದೆ. ಸೆಕ್ಟರ್ ಇಮೇಜ್, ಅಂದರೆ ಡಿಸ್ಕನ್ನು ಸೆಕ್ಟರ್ ಸೆಕ್ಟರ್ ಆಗಿಯೇ ನಕಲು, ಮಾಡಿದರೆ ಆ ನಂಬರ್ ಎನ್‌ಟಿಎಫ್‌ಎಸ್ ಬೂಟ್ ಸೆಕ್ಟರ್ ಸಮೇತ ಹಾಗೇ ಬರುತ್ತದೆ. ಕೆಲವು ಸಾಫ್ಟ್‌ವೇರ್ ಡಿಸ್ಕಿನ ಹಾರ್ಡ್‌ವೇರ್ ಸೀರಿಯಲ್ ನೋಡುತ್ತವೆ. ಅಂಥದ್ದಕ್ಕೆ ಯಾವ ಕ್ಲೋನೂ ಆಗಲ್ಲ, ಸಾಫ್ಟ್‌ವೇರ್ ಕೊಟ್ಟವರನ್ನೇ ಕೇಳಬೇಕು.

ಹಾಗಾಗಿ ಇಮೇಜ್ ಅಂತ ತೀರ್ಮಾನ ಆಯ್ತು. ಆದರೆ ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್ ರಿಪೋರ್ಟ್ ನೋಡಿದಾಗ 197 ನಂಬರಿನ ಸಾಲು, ಅಂದರೆ ಪೆಂಡಿಂಗ್ ಸೆಕ್ಟರ್ ಲೆಕ್ಕ, ಸೊನ್ನೆ ಇರಲಿಲ್ಲ. ಓದಲು ಆಗದ ಸೆಕ್ಟರ್‌ಗಳಿವೆ ಅಂತ ಅರ್ಥ. ಇಂಥ ಡಿಸ್ಕಿನಿಂದ ವಿಂಡೋಸ್ ಬೂಟ್ ಮಾಡಿ, ಅದರೊಳಗಿಂದಲೇ ಕ್ಲೋನ್ ಮಾಡಲು ಹೋಗಬಾರದು. ಲಿನಕ್ಸ್ ಲೈವ್ ಪೆನ್ ಡ್ರೈವ್‌ನಿಂದ ಶುರು ಮಾಡಿ `ddrescue` ಬಳಸಿದೆ.

```
lsblk -o NAME,SIZE,MODEL,SERIAL
ddrescue -f -n /dev/sda /dev/sdb /media/usb/kata.map
ddrescue -f -d -r3 /dev/sda /dev/sdb /media/usb/kata.map
```

ಮೊದಲ ಸಾಲು ಹಳೇ ಡಿಸ್ಕ್ ಯಾವುದು, ಹೊಸದು ಯಾವುದು ಅಂತ ಖಾತ್ರಿ ಮಾಡಿಕೊಳ್ಳಲು. sda, sdb ಹೆಸರುಗಳನ್ನು ನಂಬಬೇಡಿ, ಸೀರಿಯಲ್ ನಂಬರನ್ನು ಡಿಸ್ಕ್ ಮೇಲಿನ ಸ್ಟಿಕ್ಕರ್ ಜೊತೆ ತಾಳೆ ನೋಡಿ. ತಿರುವುಮುರುವಾದರೆ ಖಾಲಿ ಎಸ್‌ಎಸ್‌ಡಿ ಹೋಗಿ ಹಳೇ ಡೇಟಾ ಮೇಲೆ ಕೂರುತ್ತದೆ. ಎರಡನೇ ಸಾಲು ಸಲೀಸಾಗಿ ಓದಲು ಬರುವುದನ್ನೆಲ್ಲ ಮೊದಲು ತಗೊಳ್ಳುತ್ತದೆ. ಹಠ ಹಿಡಿದ ಜಾಗಗಳಿಗೆ ಮೂರನೇ ಸಾಲು ಇನ್ನೂ ಮೂರು ಸುತ್ತು ಪ್ರಯತ್ನ ಮಾಡುತ್ತದೆ. ಮ್ಯಾಪ್ ಫೈಲ್ ಬೇರೆ ಪೆನ್ ಡ್ರೈವ್‌ನಲ್ಲೇ ಇರಬೇಕು. ಕರೆಂಟ್ ಹೋದರೆ ಅದೇ ಫೈಲ್ ನೋಡಿ, ನಿಂತಲ್ಲಿಂದ ಮುಂದುವರಿಯುತ್ತದೆ. ಸಾಟಾ ಕೇಬಲ್‌ನಲ್ಲಿ, ಸೆಕೆಂಡಿಗೆ 80 ಎಂಬಿ ಸಿಕ್ಕರೆ 320 ಜಿಬಿಗೆ ಒಂದು ಗಂಟೆ ಚಿಲ್ಲರೆ. ಹಳೇ ಯುಎಸ್‌ಬಿ 2 ಅಡಾಪ್ಟರ್ ಹಾಕಿದರೆ ಮೂರು ಗಂಟೆ ಹತ್ತಿರ ಹೋಗುತ್ತದೆ.

ಇಮೇಜ್ ಮುಗಿಯಿತು. ಇಲ್ಲಿಗೇ ಡಿಸ್ಕ್ ಬದಲಿಸಿ ಕೊಟ್ಟಿದ್ದರೆ ಮಷಿನ್ ಬೂಟ್ ಆಗುತ್ತಿತ್ತು, ಲೈಸೆನ್ಸ್ ಕೇಳುತ್ತಿರಲಿಲ್ಲ, ತೂಕವೂ ಬರುತ್ತಿತ್ತು. ಮಾಲಕರು ಖುಷಿಯಿಂದ ಹೋಗುತ್ತಿದ್ದರು. ಸೆಕ್ಟರ್ ಇಮೇಜಿನ ದೊಡ್ಡ ಕೊರತೆ ಇರುವುದು ಇಲ್ಲೇ. ಅದಕ್ಕೆ ಫೈಲ್ ಅಂದರೆ ಏನು ಅಂತ ಗೊತ್ತಿಲ್ಲ. ಓದಲು ಬಾರದ ಸೆಕ್ಟರ್ ಬಂದರೆ `ddrescue` ಆ ಜಾಗ ಬಿಟ್ಟು ಮುಂದೆ ಹೋಗುತ್ತದೆ. ಹೊಸ ಎಸ್‌ಎಸ್‌ಡಿ ಆದರೆ ಅಲ್ಲಿ ಸಾಮಾನ್ಯವಾಗಿ ಸೊನ್ನೆಗಳು ಉಳಿಯುತ್ತವೆ, ಬಳಸಿದ ಎಸ್‌ಎಸ್‌ಡಿ ಆದರೆ ಅದರ ಹಳೇ ಕಸ ಉಳಿಯುತ್ತದೆ. ಫೈಲ್ ಕಾಪಿಯಾದರೆ ಆ ಫೈಲಿನ ಹತ್ತಿರವೇ ನಿಂತು, ಹೆಸರು ಹಿಡಿದು `Data error (cyclic redundancy check)` ಅನ್ನುತ್ತಿತ್ತು. ಕಿರಿಕಿರಿ ಅನ್ನಿಸಿದರೂ ಅದು ಪ್ರಾಮಾಣಿಕ ಉತ್ತರ.

ಇಮೇಜ್ ಮಾಡಿದ ಮೇಲೂ ಆ ಹೆಸರನ್ನು ಹುಡುಕಬಹುದು, ಕಷ್ಟವೇನಿಲ್ಲ. ಮ್ಯಾಪ್ ಫೈಲಿನಲ್ಲಿ ಕೊನೆಗೆ ಮೈನಸ್ ಗುರುತಿರುವ ಸಾಲುಗಳು ಕೆಟ್ಟ ಜಾಗಗಳು. ಅದರಲ್ಲಿ ಒಂದು ಸಾಲು ಹೀಗಿತ್ತು:

```
0xC84A31000  0x00001000  -
```

ಮೊದಲನೆಯದು ಡಿಸ್ಕಿನ ಶುರುವಿನಿಂದ ಎಷ್ಟನೇ ಬೈಟ್ ಅಂತ. ದಶಮಾಂಶದಲ್ಲಿ 53764886528. ಅದನ್ನು 512ರಿಂದ ಭಾಗಿಸಿದರೆ ಸೆಕ್ಟರ್ ನಂಬರ್ 105009544. ಎರಡನೆಯದು ಉದ್ದ: 4096 ಬೈಟ್, ಅಂದರೆ 8 ಸೆಕ್ಟರ್. ಈ ಡಿಸ್ಕಿನಲ್ಲಿ C: ಶುರುವಾಗುವುದು 206848ನೇ ಸೆಕ್ಟರಿನಿಂದ (`fdisk -l` ತೋರಿಸುತ್ತದೆ). ಅದನ್ನು ಕಳೆದರೆ, ಪಾರ್ಟಿಷನ್ ಒಳಗಿನ ನಂಬರ್ 104802696. ಈಗ ಹೊಸ ಡಿಸ್ಕ್ ಮೇಲೆ ಕೇಳಬೇಕು:

```
ntfscluster -s 104802696-104802703 /dev/sdb2
```

ಆ ಸೆಕ್ಟರ್‌ಗಳು ಯಾವ ಫೈಲಿಗೆ ಸೇರಿವೆ ಅಂತ ದಾರಿ ಸಮೇತ ಹೇಳುತ್ತದೆ. ಉಳಿದ ಕೆಟ್ಟ ಜಾಗಗಳಲ್ಲಿ ಒಂದು ಖಾಲಿ ಜಾಗದಲ್ಲಿತ್ತು, ಇನ್ನೊಂದು ವಿಂಡೋಸ್‌ನ ಲಾಗ್ ಫೈಲು. ಅವೆರಡೂ ಹೋದರೆ ಹೋಗಲಿ. ಆದರೆ ಈ ಸಾಲು ತೋರಿಸಿದ್ದು ಕಾಟಾ ಸಾಫ್ಟ್‌ವೇರಿನ `.mdb` ಫೈಲನ್ನು, ಎಲ್ಲ ತೂಕದ ಲೆಕ್ಕ ಇರುವ ಡೇಟಾಬೇಸನ್ನೇ. ಸಾಫ್ಟ್‌ವೇರ್ ದಿನವೂ ಆ ಪುಟ ಮುಟ್ಟಲ್ಲ. ಹಂಗಾಮಿನ ಮಧ್ಯೆ ಯಾರೋ ರೈತರು ಹಳೇ ತೂಕ ಕೇಳಿ, ಆ ದಿನದ ರಿಪೋರ್ಟ್ ತೆಗೆದಾಗಲೇ ಅದು ಕೈಕೊಡುವುದು.

ಈ ಹುಡುಕಾಟ `chkdsk` ಓಡಿಸುವ ಮುಂಚೆಯೇ ಮುಗಿಯಬೇಕು. `chkdsk` ಫೈಲ್ ಸಿಸ್ಟಮ್ ತಿದ್ದಿಬಿಟ್ಟರೆ ಯಾವ ಸೆಕ್ಟರ್ ಯಾರದಾಗಿತ್ತು ಅನ್ನುವ ಗುರುತೇ ಹೋಗಬಹುದು. ‘ಕಂಪ್ಯಾಕ್ಟ್ ಅಂಡ್ ರಿಪೇರ್’ ಕೂಡ ಕೆಟ್ಟ ಸಾಲುಗಳನ್ನು ವಾಪಸ್ ತರಲ್ಲ, ಕೈಬಿಟ್ಟು ಮುಂದೆ ಹೋಗುತ್ತದೆ. ಪುಣ್ಯಕ್ಕೆ ಸಾಫ್ಟ್‌ವೇರ್ ತಾನೇ ಮಾಡುತ್ತಿದ್ದ ಬ್ಯಾಕಪ್ D: ನಲ್ಲಿತ್ತು, ಅದರ ಸೆಕ್ಟರ್‌ಗಳೆಲ್ಲ ಪೂರ್ತಿ ಓದಿಬಂದಿದ್ದವು. ಅದನ್ನು ಹಾಕಿ, ಬ್ಯಾಕಪ್ ನಂತರದ ತೂಕಗಳನ್ನು ಚೀಟಿ ಪುಸ್ತಕದ ಕಾರ್ಬನ್ ಪ್ರತಿ ನೋಡಿ ಕಾಟಾದ ಹುಡುಗ ಟೈಪ್ ಮಾಡಿದ. ಲಾರಿ ನಂಬರ್, ತುಂಬಿದ ತೂಕ, ಖಾಲಿ ತೂಕ, ಮೂರೂ ತಾಳೆ ಆಗುವ ತನಕ ಬಿಡಲಿಲ್ಲ.

ಆಮೇಲೆ ಉಳಿದದ್ದು ಸುಲಭ. ಮೊದಲ ಸಲ ಬೂಟ್ ಮಾಡುವಾಗ ಹಳೇ ಡಿಸ್ಕ್ ಬಿಚ್ಚಿಟ್ಟಿರಬೇಕು. ಎರಡಕ್ಕೂ ಒಂದೇ ಸಿಗ್ನೇಚರ್ ಇರುವುದರಿಂದ, ಎರಡನ್ನೂ ನೋಡಿದ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡುತ್ತದೆ. ಆ ಡಿಸ್ಕನ್ನು ಆನ್‌ಲೈನ್ ಮಾಡಿದರೆ ಅದರ ಸಿಗ್ನೇಚರ್ ಬದಲಾಗುತ್ತದೆ, ಆಮೇಲೆ ಅದು ಬೂಟ್ ಆಗಲ್ಲ. ಬಯಾಸ್‌ನಲ್ಲಿ ಐಡಿಇ ಮೋಡ್ ಇದ್ದರೆ ಸದ್ಯಕ್ಕೆ ಹಾಗೇ ಬಿಡಿ, ಡ್ರೈವರ್ ಸಿದ್ಧ ಮಾಡದೆ ಎಎಚ್‌ಸಿಐ ಮಾಡಿದರೆ ನೀಲಿ ಸ್ಕ್ರೀನ್ ಬರುತ್ತದೆ. ಬೂಟ್ ಆದ ಮೇಲೆ C: ಮತ್ತು D: ಎರಡಕ್ಕೂ `chkdsk /b` ಕೊಡಿ. ಹಳೇ ಡಿಸ್ಕಿನ ಕೆಟ್ಟ ಕ್ಲಸ್ಟರ್ ಪಟ್ಟಿ ಇಮೇಜ್ ಜೊತೆ ಹೊಸ ಎಸ್‌ಎಸ್‌ಡಿಗೂ ಬಂದಿರುತ್ತದೆ, ಇದು ಆ ಜಾಗಗಳನ್ನು ಮತ್ತೆ ಪರೀಕ್ಷಿಸಿ ಬಳಕೆಗೆ ಬಿಡುತ್ತದೆ. ಕೊನೆಯಲ್ಲಿ ಖಾಲಿ ಉಳಿದ ಜಾಗವನ್ನು ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ D: ಗೆ ಸೇರಿಸಿದೆ, ಏಕೆಂದರೆ ಆ ಜಾಗಕ್ಕೆ ಅಂಟಿಕೊಂಡಿದ್ದದ್ದು ಅದೇ. C: ದೊಡ್ಡದು ಮಾಡಬೇಕೆಂದರೆ ಜಿಪಾರ್ಟೆಡ್‌ನಲ್ಲಿ D: ಯನ್ನು ಆಚೆ ಸರಿಸಬೇಕಾಗುತ್ತದೆ. ಕಾಟಾದ ಮಷಿನ್‌ಗೆ ಅದು ಬೇಕಿರಲಿಲ್ಲ.