ಅಪ್ಪನ ಲೈಸೆನ್ಸ್ ಮತ್ತು ಒಂದು ಪೆನ್ ಟಾರ್ಚ್

ಅಪ್ಪನಿಗೆ ಈಗ 68. ವಯಸ್ಸು 55 ದಾಟಿದರೆ ಸ್ವಂತ ಕಾರು ಓಡಿಸುವ ಲೈಸೆನ್ಸ್ ಐದೈದು ವರ್ಷಕ್ಕೆ ಮಾತ್ರ ಸಿಗುತ್ತದೆ. ಇಷ್ಟು ವಯಸ್ಸಾದ ಮೇಲೆ ಓಡಿಸಬಾರದು ಎಂಬ ಕಾನೂನು ನಮ್ಮಲ್ಲಿಲ್ಲ. ಆದರೆ 40 ದಾಟಿದವರು ಫಾರ್ಮ್ 1ಎ ಕೊಡಬೇಕು. ಅದು ಡಾಕ್ಟರ್ ತುಂಬಿ, ಫೋಟೋದ ಮೇಲೂ ಸೇರಿ ಬರುವಂತೆ ಸೀಲು ಒತ್ತಿ ಸಹಿ ಹಾಕುವ ಸರ್ಟಿಫಿಕೇಟು.

ಕಳೆದ ಸಲ ಅಪ್ಪ ಅದನ್ನು ಎಲ್ಲಿಂದಲೋ ತಂದಿದ್ದರು. ಸಹಿ ಹಾಕಿದ ಡಾಕ್ಟರು ತಲೆ ಎತ್ತಿ ಮುಖ ಕೂಡ ನೋಡಿರಲಿಲ್ಲವಂತೆ. ಇದನ್ನು ಅವರು ಖುಷಿಯಿಂದಲೇ ಹೇಳುತ್ತಿದ್ದರು! ಈ ಸಲ ನಾನೇ ಉಡುಪಿಯಲ್ಲಿ ನಮಗೆ ಪರಿಚಯ ಇರುವ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಅವರು ಅಪ್ಪನನ್ನು ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ನಿಲ್ಲಿಸಿ, ಗೇಟಿನ ಆಚೆ ನಿಂತಿದ್ದ ಕಾರಿನ ನಂಬರ್ ಓದಲು ಹೇಳಿದರು. ನಿಯಮ ಇರುವುದೇ ಹಾಗೆ. ಒಳ್ಳೆಯ ಹಗಲು ಬೆಳಕಿನಲ್ಲಿ, ಬೇಕಾದರೆ ಕನ್ನಡಕ ಹಾಕಿಕೊಂಡು, 25 ಮೀಟರ್ ದೂರದ ನಂಬರ್ ಪ್ಲೇಟು ಕಾಣಬೇಕು. ಅಪ್ಪ ಒಂದೊಂದೇ ಕಣ್ಣು ಮುಚ್ಚಿಕೊಂಡು ಕೆಎ 20ರಿಂದ ಹಿಡಿದು ಕೊನೆಯ ಅಂಕಿಯ ತನಕ ಗಟ್ಟಿಯಾಗಿ ಓದಿದರು. ಕೆಂಪು, ಹಸಿರು ಕೂಡ ಸರಿ ಹೇಳಿದರು.

"ರಾತ್ರಿ ಓಡಿಸ್ತೀರಾ?" ಎಂದು ಡಾಕ್ಟರು ಕೇಳಿದರು.

"ಓಡಿಸ್ತೇನೆ. ಎಂತ ತೊಂದರೆಯೂ ಇಲ್ಲ."

ನಾನು ಸುಮ್ನೆ ಕೂರಲಿಲ್ಲ. ಮಂಗಳೂರಿನಲ್ಲಿ ಮದುವೆ ಮುಗಿಸಿ ಬರುವಾಗ ಮೂಲ್ಕಿ ಹತ್ತಿರ ಆದದ್ದನ್ನು ಹೇಳಿದೆ. ಎದುರಿನ ಲಾರಿ ಡಿಮ್ ಮಾಡದೆ ಬಂತು. ಅದು ದಾಟಿದ ಮೇಲೂ ಅಪ್ಪನಿಗೆ ಮುಂದೆ ಹೋಗುತ್ತಿದ್ದ ಬೈಕು ಕಾಣಲಿಲ್ಲ. ನಾನು ಕೂಗಿದ ಮೇಲೆಯೇ ಬ್ರೇಕ್ ಹಾಕಿದ್ದು. "ಅವ ಹಿಂದಿನ ಲೈಟ್ ಹಾಕಿರ್ಲಿಲ್ಲ ಮಾರಾಯ್ತಿ" ಎಂದರು ಅಪ್ಪ. ಅದೂ ನಿಜವೇ. ಆದರೆ ಪಕ್ಕದಲ್ಲಿ ಕೂತ ನನಗೆ ಕಂಡಿತ್ತಲ್ವಾ?

ಡಾಕ್ಟರು ಅಪ್ಪನನ್ನು ಒಳಗೆ ಅಕ್ಷರದ ಚಾರ್ಟಿನ ಮುಂದೆ ಕೂರಿಸಿದರು. ಕನ್ನಡಕ ಹಾಕಿಕೊಂಡು ಸಣ್ಣ ಅಕ್ಷರದ 6/9ರ ಸಾಲಿನ ತನಕ ಸಲೀಸಾಗಿ ಓದಿದರು. ಆಮೇಲೆ ಡಾಕ್ಟರು ಒಂದು ಪೆನ್ ಟಾರ್ಚ್ ತೆಗೆದು, ಕಣ್ಣಿನ ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟು ಅದೇ ಸಾಲು ಓದಿ ಎಂದರು. ಅಪ್ಪ ಕಣ್ಣು ಕಿರಿದು ಮಾಡಿದರು, ತಲೆ ವಾಲಿಸಿದರು. ಎರಡು ಸಾಲು ಮೇಲಿನ ದೊಡ್ಡ ಅಕ್ಷರವೂ ತಪ್ಪಿತು. ಎಡಗಣ್ಣಿನಲ್ಲಿ ಜಾಸ್ತಿ.

ಪೊರೆ ಶುರುವಾದ ಕಣ್ಣಿನಲ್ಲಿ ಹೀಗಾಗುತ್ತದಂತೆ. ಮಸೂರ ಅಲ್ಲಲ್ಲಿ ಮಬ್ಬಾದರೆ ಎದುರಿನ ಬೆಳಕು ಒಳಗೆ ಚೆದುರುತ್ತದೆ. ಹೆಡ್‌ಲೈಟಿನ ಸುತ್ತ ಬಳೆ ಕಟ್ಟುತ್ತದೆ, ಪಕ್ಕದಲ್ಲಿರುವುದು ಅಳಿಸಿಹೋಗುತ್ತದೆ. ಹಗಲಿನಲ್ಲಿ ಕಪ್ಪು ಅಕ್ಷರ, ಬಿಳಿ ಹಲಗೆ ಇದ್ದರೆ ಈ ತೊಂದರೆ ಗೊತ್ತೇ ಆಗುವುದಿಲ್ಲ. ಅದರ ಮೇಲೆ ವಯಸ್ಸಾದಂತೆ ಕತ್ತಲಲ್ಲಿ ಕಣ್ಣಿನ ಪಾಪೆ ಮೊದಲಿನಷ್ಟು ಅಗಲವಾಗುವುದಿಲ್ಲ. ಬೆಳಕು ಬಡಿದ ಮೇಲೆ ಕಣ್ಣು ಸುಧಾರಿಸಿಕೊಳ್ಳಲು ಹೊತ್ತೂ ಜಾಸ್ತಿ ಬೇಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಎರಡು ಸೆಕೆಂಡು ಕಾಣದಿದ್ದರೆ 33 ಮೀಟರಿಗೂ ಜಾಸ್ತಿ. ಕಂಡ ಮೇಲೆ ಕಾಲು ಬ್ರೇಕಿಗೆ ಹೋಗುವುದು ಅರ್ಧ ಸೆಕೆಂಡು ತಡವಾದರೆ ಇನ್ನೂ ಎಂಟು ಮೀಟರ್, ಅಂದರೆ ಎರಡು ಕಾರಿನ ಉದ್ದ.

ಇರುಳುಗುರುಡು ಉಂಟಾ ಎಂಬ ಪ್ರಶ್ನೆ ಅರ್ಜಿಯ ಜೊತೆಗೆ ನಾವೇ ತುಂಬುವ ಫಾರ್ಮಿನಲ್ಲಿದೆ. ಅಪ್ಪ "ಇಲ್ಲ" ಎಂದು ಹಾಕಿದ್ದರು. ಅದು ಸುಳ್ಳೇನಲ್ಲ, ಇದು ಇರುಳುಗುರುಡಲ್ಲ. ಆದರೆ ಬೆಳಕು ಹೊಡೆದಾಗ ಕಾಣುತ್ತದಾ ಎಂದು ಯಾರೂ ಕೇಳುವುದಿಲ್ಲ. ಹಗಲು ಮಾತ್ರ ಓಡಿಸಲಿ ಎಂದು ಬರೆಯುವ ಜಾಗವೂ ಇಲ್ಲ. ನನಗೆ ಕೇಳಿದರೆ, 25 ಮೀಟರ್ ಪರೀಕ್ಷೆಗಿಂತ ಆ ಟಾರ್ಚಿನ ಎರಡು ನಿಮಿಷವೇ ಹೆಚ್ಚು ಹೇಳಿತು.

ನಿಯಮದ ಪ್ರಕಾರ ಅಪ್ಪ ಪಾಸು. ಡಾಕ್ಟರು ಸಹಿ ಹಾಕಿದರು, ಜೊತೆಗೆ ಕಣ್ಣಿನ ಡಾಕ್ಟರಿಗೊಂದು ಚೀಟಿಯನ್ನೂ ಬರೆದರು. "ಅಲ್ಲಿಗೆ ಹೋಗುವಾಗ ಕಾರು ನೀವು ಓಡಿಸ್ಬೇಡಿ. ಪಾಪೆ ಅಗಲ ಮಾಡುವ ಡ್ರಾಪ್ಸ್ ಹಾಕ್ತಾರೆ, ಕೆಲವು ಗಂಟೆ ಎಲ್ಲ ಮಂಜುಮಂಜು" ಎಂದರು.

ಅಲ್ಲಿ ಎಡಗಣ್ಣಿನ ಪೊರೆ ಮಸೂರದ ಹಿಂಬದಿಯಲ್ಲಿ ಇದೆ ಎಂದು ಗೊತ್ತಾಯಿತು. ಎದುರಿನಿಂದ ಬೆಳಕು ಬಡಿದಾಗ ಹೆಚ್ಚು ತೊಂದರೆ ಕೊಡುವ ಜಾಗವೇ ಅದು. ಬದಿಯ ದೃಷ್ಟಿಯನ್ನೂ ನೋಡಿದರು, ಅದು ಚೆನ್ನಾಗಿತ್ತು. ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆಯಲ್ಲಿ ಬದಿಯಿಂದ ದೃಷ್ಟಿ ಹೋಗುತ್ತಾ ಬಂದರೂ ನಂಬರ್ ಪ್ಲೇಟು ನೆಟ್ಟಗೆ ಓದಬಹುದಂತೆ. ಅದು ಕೇಳಿ ನನಗೆ ಇನ್ನಷ್ಟು ಹೆದರಿಕೆಯಾಯಿತು.

ಎಡಗಣ್ಣಿನ ಆಪರೇಷನ್ ಮುಗಿಯಿತು. ಬಳೆ ಕಡಿಮೆಯಾಗಿದೆ ಎನ್ನುತ್ತಾರೆ ಅಪ್ಪ. ಪಾಪೆಯೂ ಕಾಲೂ ಮಾತ್ರ 68ರವೇ. ಹಾಗಾಗಿ ಕತ್ತಲಾದ ಮೇಲೆ ಹೈವೇಯಲ್ಲಿ ಸ್ಟೇರಿಂಗ್ ನನ್ನದು ಅಥವಾ ತಮ್ಮನದು. ಅಪ್ಪನಿಗೆ ಇದು ಪೂರ್ತಿ ಒಪ್ಪಿಗೆಯಿಲ್ಲ, ನನ್ನ ಗೇರ್ ಬದಲಾವಣೆ ಸರಿಯಿಲ್ಲವಂತೆ. ಬಲಗಣ್ಣಿನದ್ದು ಮಳೆಗಾಲಕ್ಕೆ ಮುಂಚೆಯೇ ಮಾಡಿಸಬೇಕು ಎಂದು ಈಗ ಅವರೇ ಅವಸರ ಮಾಡುತ್ತಿದ್ದಾರೆ.