ಯಾವ ಕಾನೂನು ಗೆಲ್ಲುತ್ತದೆ ಅಂತ ಕೇಳಬೇಡಿ

"ಯುದ್ಧ ಶುರುವಾದ ಮೇಲೆ ಮಾನವ ಹಕ್ಕು ಎಲ್ಲಿ ಬಂತು ಸಾರ್? ಅಲ್ಲಿ ಯುದ್ಧದ ಕಾನೂನೇ ಲೆಕ್ಸ್ ಸ್ಪೆಷಲಿಸ್ ಅಲ್ವಾ?"

ಅಲ್ಲ. ಅಂದರೆ, ಎರಡನೇ ಅರ್ಧ ಸ್ವಲ್ಪ ಸರಿ, ಮೊದಲನೇ ಅರ್ಧ ಪೂರ್ತಿ ತಪ್ಪು. ಇದನ್ನು ಬಾಯಲ್ಲಿ ಹೇಳಿ ಹೇಳಿ ನನಗೆ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

ನನಗೆ ಸಿಟ್ಟು ಬರುವುದು ಪ್ರಶ್ನೆಗಲ್ಲ, ಕೇಳುವ ಧಾಟಿಗೆ. ಲೆಕ್ಸ್ ಸ್ಪೆಷಲಿಸ್ ಅನ್ನುವ ಎರಡು ಲ್ಯಾಟಿನ್ ಪದ ಉರುಳಿಸಿಬಿಟ್ಟರೆ ಮಾತು ಮುಗೀತು ಅನ್ನುವ ಹಾಗೆ ಕೇಳುತ್ತಾರೆ. ಅದರ ಅರ್ಥ ಇಷ್ಟೇ: ಒಂದೇ ವಿಷಯಕ್ಕೆ ಎರಡು ಕಾನೂನು ಅನ್ವಯಿಸಿದಾಗ, ಆ ವಿಷಯವನ್ನೇ ಗುರಿಯಾಗಿಟ್ಟು ಬರೆದ ವಿಶೇಷ ನಿಯಮಕ್ಕೆ ಸಾಮಾನ್ಯ ನಿಯಮಕ್ಕಿಂತ ಜಾಸ್ತಿ ತೂಕ. ಗಮನಿಸಿ, "ಒಂದೇ ವಿಷಯಕ್ಕೆ". ಇಡೀ ಯುದ್ಧಕ್ಕೆ ಅಲ್ಲ. ಇಡೀ ಮಾನವ ಹಕ್ಕು ಕಾನೂನನ್ನು ಮನೆಗೆ ಕಳಿಸುವ ಮಂತ್ರವೂ ಅಲ್ಲ.

ಈ ಮಾತಿನ ಬೇರು 1996ರಲ್ಲಿದೆ. ಅಣ್ವಸ್ತ್ರ ಬಳಸುವುದು ಕಾನೂನುಬದ್ಧವೇ ಅಂತ ಅಂತರರಾಷ್ಟ್ರೀಯ ನ್ಯಾಯಾಲಯವನ್ನು ಕೇಳಿದ್ದರು. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಪ್ಪಂದ ಶಾಂತಿಕಾಲಕ್ಕೆ ಮಾತ್ರ ಅಂತ ಕೆಲವು ದೇಶಗಳು ವಾದಿಸಿದವು. ನ್ಯಾಯಾಲಯ ಒಪ್ಪಲಿಲ್ಲ. ಯುದ್ಧದಲ್ಲೂ ಆ ಒಪ್ಪಂದ ಜಾರಿಯಲ್ಲೇ ಇರುತ್ತದೆ, ಯಾರ ಜೀವವನ್ನೂ ಮನಸೋ ಇಚ್ಛೆ ತೆಗೆಯಬಾರದು ಅನ್ನುವ ಹಕ್ಕು ಕದನದಲ್ಲೂ ಇದೆ ಅಂದಿತು. ಆದರೆ ಯುದ್ಧದಲ್ಲಿ "ಮನಸೋ ಇಚ್ಛೆ" ಅಂದರೇನು ಅಂತ ಅಳೆಯುವ ಅಳತೆಗೋಲನ್ನು ಲೆಕ್ಸ್ ಸ್ಪೆಷಲಿಸ್‌ನಿಂದ, ಅಂದರೆ ಯುದ್ಧದ ಕಾನೂನಿನಿಂದ ತರಬೇಕು ಅಂದಿತು.

ಇದು ಒಂದು ಕಾನೂನು ಇನ್ನೊಂದನ್ನು ಓಡಿಸಿದ ಕಥೆ ಅಲ್ಲ. ಒಂದು ಪದದ ಅರ್ಥವನ್ನು ಪಕ್ಕದ ಕಾನೂನಿನಿಂದ ತಂದು ತುಂಬಿದ ಕಥೆ. ಪೊಲೀಸರು ಮಲಗಿರುವ ಆರೋಪಿಗೆ ಗುಂಡು ಹೊಡೆದರೆ ಅದು ಕೊಲೆ. ಯುದ್ಧದಲ್ಲಿ ಬ್ಯಾರಕ್‌ನಲ್ಲಿ ಮಲಗಿರುವ ಶತ್ರು ಸೈನಿಕರ ಮೇಲೆ ದಾಳಿ ಮಾಡಿದರೆ, ಅವರು ಮಲಗಿದ್ದರು ಅನ್ನುವ ಕಾರಣಕ್ಕೇ ಅದು ಅಪರಾಧ ಆಗುವುದಿಲ್ಲ. ಹಕ್ಕು ಎರಡು ಕಡೆಯೂ ಅದೇ, ಅಳತೆಗೋಲು ಬೇರೆ.

ನಾನೂ ಶುರುವಿನಲ್ಲಿ "ವಿಶೇಷ ಕಾನೂನು ಸಾಮಾನ್ಯ ಕಾನೂನನ್ನು ಬದಿಗೆ ಸರಿಸುತ್ತದೆ" ಅಂತಲೇ ಪಾಠ ಮಾಡುತ್ತಿದ್ದೆ. ಹೇಳುವುದಕ್ಕೆ ಸುಲಭ, ಪರೀಕ್ಷೆಗೂ ಅನುಕೂಲ.

ಒಂದು ಸಲ ಒಂದು ತರಬೇತಿಯಲ್ಲಿ, ಮೊದಲ ಸಾಲಿನಲ್ಲಿ ಕೂತಿದ್ದ ಒಬ್ಬ ಅಧಿಕಾರಿ ಕೈ ಎತ್ತದೆಯೇ ಅಂದರು, "ಲೆಕ್ಸ್ ಸ್ಪೆಷಲಿಸ್ ಅಂದ ಮೇಲೆ ಮುಗೀತಲ್ಲ, ಮುಂದಿನ ವಿಷಯಕ್ಕೆ ಹೋಗಿ." ನಾನು ಹೋಗಲಿಲ್ಲ. ಅವರಿಗೊಂದು ನಿಜವಾದ ಪ್ರಕರಣ ಹೇಳಿದೆ.

2003ರ ಏಪ್ರಿಲ್, ಇರಾಕಿನ ಉಮ್ ಕಸ್ರ್. ಸದ್ದಾಂ ಹುಸೇನನ ಬಾತ್ ಪಕ್ಷದ ಒಬ್ಬ ಹಿರಿಯನನ್ನು ಹುಡುಕಿಕೊಂಡು ಬ್ರಿಟಿಷ್ ಸೈನಿಕರು ಬೆಳಗ್ಗೆ ಅವನ ಮನೆಗೆ ನುಗ್ಗುತ್ತಾರೆ. ಅವನು ಇಲ್ಲ. ತಮ್ಮ ಸಿಗುತ್ತಾನೆ, ಸೈನಿಕರ ಪ್ರಕಾರ ಮಾಳಿಗೆ ಮೇಲೆ, ಎಕೆ-47 ಜೊತೆ. ಅವನನ್ನು ಕ್ಯಾಂಪ್ ಬುಕ್ಕಾ ಅನ್ನುವ ಬಂಧನ ಶಿಬಿರಕ್ಕೆ ಒಯ್ಯುತ್ತಾರೆ. ಅವನು ಸೈನಿಕನೋ, ಅಪಾಯಕಾರಿ ನಾಗರಿಕನೋ, ಎರಡೂ ಅಲ್ಲವೋ ಅಂತ ವಿಚಾರಿಸುತ್ತಾರೆ. ಎರಡೂ ಅಲ್ಲ ಅಂತ ತಿಳಿದ ಮೇಲೆ ಮೇ ತಿಂಗಳ ಶುರುವಿನಲ್ಲಿ ಬಿಡುತ್ತಾರೆ. ಕೆಲವು ತಿಂಗಳ ನಂತರ ಅವನ ಶವ ಸಮಾರಾ ಹತ್ತಿರ ಸಿಗುತ್ತದೆ, ಮೈಯಲ್ಲಿ ಗುಂಡಿನ ಗಾಯ. ಆ ಸಾವಿಗೆ ಬ್ರಿಟನ್ ಕಾರಣ ಅನ್ನಲು ಸಾಕ್ಷ್ಯ ಇರಲಿಲ್ಲ. ಕೋರ್ಟಿನ ಮುಂದೆ ಉಳಿದ ದೊಡ್ಡ ಪ್ರಶ್ನೆ ಅಂದರೆ ಆ ಕೆಲವು ದಿನಗಳ ಬಂಧನ.

"ಅದರಲ್ಲೇನು ಪ್ರಶ್ನೆ? ಯುದ್ಧದಲ್ಲಿ ಹಿಡಿಯಬಹುದು," ಅಂದರು ಅಧಿಕಾರಿ.

ಯುದ್ಧದ ಕಾನೂನಿನ ಬುನಾದಿಯಾದ ನಾಲ್ಕು ಜಿನೀವಾ ಒಪ್ಪಂದಗಳ ಪ್ರಕಾರ ಹೌದು. ಮೂರನೆಯದು ಯುದ್ಧಕೈದಿಗಳ ಬಗ್ಗೆ, ನಾಲ್ಕನೆಯದು ನಾಗರಿಕರ ಬಗ್ಗೆ. ಆದರೆ ಬ್ರಿಟನ್ ಯುರೋಪಿನ ಮಾನವ ಹಕ್ಕು ಒಪ್ಪಂದಕ್ಕೂ ಸಹಿ ಹಾಕಿದೆ. ಅದರ 5ನೇ ವಿಧಿ "ಮನಸೋ ಇಚ್ಛೆ ಬಂಧಿಸಬೇಡಿ" ಅಂದು ಸುಮ್ಮನಾಗುವುದಿಲ್ಲ. ಯಾವ ಕಾರಣಕ್ಕೆ ಬಂಧಿಸಬಹುದು ಅಂತ 6 ಬಾಬತ್ತು ಪಟ್ಟಿ ಮಾಡಿದೆ: ಶಿಕ್ಷೆ, ಅಪರಾಧದ ಅನುಮಾನ, ಗಡೀಪಾರು, ಹೀಗೆ. ಯುದ್ಧಕೈದಿ ಆ ಪಟ್ಟಿಯಲ್ಲಿ ಇಲ್ಲ. ಅಂದರೆ ಅರ್ಥ ತುಂಬಿಸಲು ಸಡಿಲವಾದ ಪದವೇ ಇಲ್ಲ. 1996ರ ಉಪಾಯ ಇಲ್ಲಿ ನಡೆಯುವುದಿಲ್ಲ. ತುರ್ತು ಪರಿಸ್ಥಿತಿಯಲ್ಲಿ 5ನೇ ವಿಧಿಯ ಹೊಣೆಯಿಂದ ತಾತ್ಕಾಲಿಕವಾಗಿ ಹೊರಗುಳಿಯಲು 15ನೇ ವಿಧಿಯಲ್ಲಿ ದಾರಿ ಇದೆ. ಬ್ರಿಟನ್ ಅಂಥ ಘೋಷಣೆ ಮಾಡಿರಲಿಲ್ಲ.

ಅಧಿಕಾರಿ ಸುಮ್ಮನಾದರು. ನನಗೆ ಒಳಗೊಳಗೇ ಖುಷಿ ಆಯಿತು, ಸುಳ್ಳು ಹೇಳುವುದಿಲ್ಲ.

2014ರಲ್ಲಿ, ಹಸನ್ ಪ್ರಕರಣ ಅಂತ ಹೆಸರಾದ ಈ ವ್ಯಾಜ್ಯದಲ್ಲಿ, ಯುರೋಪಿನ ಮಾನವ ಹಕ್ಕು ನ್ಯಾಯಾಲಯದ 17 ನ್ಯಾಯಾಧೀಶರು ತೀರ್ಪು ಕೊಟ್ಟರು. 5ನೇ ವಿಧಿ ಯುದ್ಧದಲ್ಲಿ ಅನ್ವಯಿಸುವುದೇ ಇಲ್ಲ ಅನ್ನುವ ಬ್ರಿಟನ್ ವಾದವನ್ನು ತಳ್ಳಿಹಾಕಿದರು. ಅನ್ವಯಿಸುತ್ತದೆ, ಆದರೆ ದೇಶ ದೇಶಗಳ ನಡುವಿನ ಯುದ್ಧದಲ್ಲಿ ಅದನ್ನು ಜಿನೀವಾ ಒಪ್ಪಂದಗಳ ಜೊತೆ ಹೊಂದಿಸಿ ಓದಬೇಕು, ಅದೂ ಸರ್ಕಾರ ಹಾಗೆ ಓದಿ ಅಂತ ಬಾಯಿಬಿಟ್ಟು ಕೇಳಿದರೆ ಮಾತ್ರ ಅಂದರು. 13 ಮಂದಿ ಉಲ್ಲಂಘನೆ ಆಗಿಲ್ಲ ಅಂದರು. 4 ಮಂದಿ ಒಪ್ಪಲಿಲ್ಲ: 15ನೇ ವಿಧಿ ಎದುರಿಗೇ ಇರುವಾಗ ಪಟ್ಟಿಗೆ ಇಲ್ಲದ ಬಾಬತ್ತನ್ನು ಸೇರಿಸುವುದು ಓದುವುದಲ್ಲ, ಬರೆಯುವುದು ಅನ್ನುವುದು ಅವರ ತಕರಾರಿನ ಸಾರ. ನನ್ನ ಓಟು ಕೇಳಿದರೆ ಆ ನಾಲ್ವರಿಗೆ. ಯಾರೂ ಕೇಳಿಲ್ಲ, ಗೊತ್ತು.

ಇಷ್ಟಾದರೂ "ಹಾಗಾದರೆ ಕೊನೆಗೆ ಯುದ್ಧದ ಕಾನೂನೇ ಗೆದ್ದಿತಲ್ಲ" ಅನ್ನುವವರಿದ್ದಾರೆ. ಅವರು ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ವಿಶೇಷ ಕಾನೂನು ಬಾಯಿ ಬಿಡದ ಕಡೆ ಏನು ಗತಿ?

ಏಕೆಂದರೆ ಇವತ್ತಿನ ಬಹಳಷ್ಟು ಯುದ್ಧಗಳು ಎರಡು ದೇಶಗಳ ನಡುವೆ ನಡೆಯುತ್ತಿಲ್ಲ, ಸರ್ಕಾರ ಮತ್ತು ಸಶಸ್ತ್ರ ಗುಂಪಿನ ನಡುವೆ ನಡೆಯುತ್ತಿವೆ. ಅಲ್ಲಿ ಜಿನೀವಾ ಒಪ್ಪಂದಗಳಿಂದ ಸಿಗುವುದು ನಾಲ್ಕಕ್ಕೂ ಸಾಮಾನ್ಯವಾದ 3ನೇ ವಿಧಿ. ಹಿಡಿದವರನ್ನು ಮನುಷ್ಯರ ಹಾಗೆ ನೋಡಿ, ಹಿಂಸಿಸಬೇಡಿ, ಒತ್ತೆ ಇಡಬೇಡಿ ಅನ್ನುತ್ತದೆ. ಆದರೆ ಯಾರನ್ನು, ಯಾವ ಕಾರಣಕ್ಕೆ, ಎಷ್ಟು ದಿನ ಹಿಡಿದಿಡಬಹುದು? ಒಂದು ಅಕ್ಷರವೂ ಇಲ್ಲ. ಆ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಎರಡನೇ ಹೆಚ್ಚುವರಿ ಪ್ರೋಟೋಕಾಲ್ ಕೂಡ ಬಂಧಿತರನ್ನು ನೋಡಿಕೊಳ್ಳುವ ಬಗ್ಗೆ ಹೇಳಿ ಇಲ್ಲಿ ಮೌನ. ವಿಶೇಷ ನಿಯಮವೇ ಇಲ್ಲದಿದ್ದರೆ ಅದು ಯಾವುದನ್ನು ಸರಿಸುತ್ತದೆ? ಆ ಖಾಲಿ ಜಾಗದಲ್ಲಿ ನಿಲ್ಲುವುದು ಮಾನವ ಹಕ್ಕು ಕಾನೂನು. ಲೆಕ್ಸ್ ಸ್ಪೆಷಲಿಸ್ ಹೆಸರು ಹೇಳಿ ಅದನ್ನೂ ಓಡಿಸಿದರೆ ಬಂಧಿತನಿಗೆ ಯಾವ ಕಾನೂನೂ ಇರುವುದಿಲ್ಲ, ಸುಮ್ನೆ ಒಂದು ಬೀಗ ಇರುತ್ತದೆ.

ಆ ಅಧಿಕಾರಿ ಬಿಡುವಿನಲ್ಲಿ ನನ್ನ ಹತ್ತಿರ ಬಂದರು. ಜಗಳಕ್ಕೆ ಬಂದರು ಅಂದುಕೊಂಡೆ. "ಹಸನ್ ಪ್ರಕರಣದಲ್ಲಿ ಬಂಧನ ಸರಿಯೋ ತಪ್ಪೋ ಅಂತ ನೋಡಬೇಕಾದವರು ಯಾರು ಸಾರ್? ಹಿಡಿದವರೇ ನೋಡಿದರೆ ಆಗುತ್ತಾ?" ಅಂತ ಕೇಳಿದರು.

ಎಷ್ಟೋ ವರ್ಷಕ್ಕೆ ಒಂದು ಒಳ್ಳೆ ಪ್ರಶ್ನೆ. ಕೋರ್ಟೇ ಆಗಬೇಕು ಅಂತ ಹಟ ಇಲ್ಲ, ಯುದ್ಧದಲ್ಲಿ ಅದು ಆಗದೇ ಇರಬಹುದು ಅಂತ ನ್ಯಾಯಾಲಯ ಒಪ್ಪಿದೆ. ಆದರೆ ನೋಡುವವರು ನಿಷ್ಪಕ್ಷಪಾತಿಗಳು ಅನ್ನಲು ಸಾಕಷ್ಟು ಖಾತರಿ ಬೇಕು, ಹಿಡಿದ ಸ್ವಲ್ಪ ಸಮಯದಲ್ಲೇ ಮೊದಲ ಪರಿಶೀಲನೆ ಆಗಬೇಕು, ಆಮೇಲೂ ಆಗಾಗ ಆಗುತ್ತಿರಬೇಕು. ಇಷ್ಟು ಹೇಳಿದೆ. ಅವರು ಪುಸ್ತಕ ತೆಗೆದು "ಆಗಾಗ ಅಂದರೆ ಎಷ್ಟು ದಿನಕ್ಕೊಮ್ಮೆ?" ಅಂದರು. ನಾನು ಕುರ್ಚಿ ಎಳೆದುಕೊಂಡು ಕೂತೆ.