ಕನ್ನದ ಆಚೆ ಒಬ್ಬ, ಈಚೆ ಒಬ್ಬ

ರಾತ್ರಿ ಇಬ್ಬರು ಸೇರಿ ಒಂದು ಮನೆಗೆ ಕನ್ನ ಹಾಕುತ್ತಾರೆ. ಒಬ್ಬ ಒಳಗೆ ನುಸುಳಿ ಬೆಳ್ಳಿ ಪಾತ್ರೆ ಎತ್ತಿ, ಅದೇ ಕಿಂಡಿಯಲ್ಲಿ ಹೊರಗಿನವನ ಕೈಗೆ ಕೊಡುತ್ತಾನೆ. ಇಬ್ಬರೂ ಸಿಕ್ಕಿಬಿದ್ದರೆ, ಇಸ್ಲಾಮಿ ಕಾನೂನಿನ ಪ್ರಕಾರ ಕಳವಿಗಾಗಿ ಕೈ ಕಡಿಯಬೇಕಾದದ್ದು ಯಾರದು? ಆ ಕಾನೂನಿನ ಹನಫಿ ಪಂಥದ ಮೂಲಪುರುಷ ಅಬೂ ಹನೀಫಾ ಕೊಟ್ಟ ಉತ್ತರ: ಇಬ್ಬರದ್ದೂ ಅಲ್ಲ. ಒಳಗಿದ್ದವನು ಮಾಲನ್ನು ಹೊರಗೆ ಒಯ್ಯಲಿಲ್ಲ, ಹೊರಗಿದ್ದವನು ಮನೆಯ ಕಾವಲನ್ನು ಮುರಿಯಲಿಲ್ಲ. ಅವರ ಶಿಷ್ಯ ಅಬೂ ಯೂಸುಫ್‌ಗೆ ಇದು ಹಿಡಿಸಲಿಲ್ಲ. ಯಾರ ಕೈ ಕಿಂಡಿ ದಾಟಿತು ಎಂಬುದನ್ನು ನೋಡಬೇಕು ಎಂದರು. ಗುರುವಿನ ತರ್ಕ ಕೂದಲು ಸೀಳಿದಂತೆ ಕಾಣಬಹುದು, ಆದರೆ ಬೇಕೆಂದೇ ಸೀಳಿದ್ದು. ಹದ್ದ್ ಎಂಬ ನಿಗದಿತ ಶಿಕ್ಷೆಗೆ ಚೂರು ಸಂದೇಹ ಬಿದ್ದರೂ ಅದು ತಪ್ಪಬೇಕು ಎಂಬುದೇ ನಿಯಮ. ಆ ಸಂದೇಹಕ್ಕೆ 'ಶುಬ್ಹಾ' ಎಂದು ಹೆಸರು.

ಕಳ್ಳ ಒಬ್ಬನೇ ಆಗಿದ್ದರೂ ದಾರಿ ಸುಲಭವಿಲ್ಲ. ಮಾಲಿನ ಬೆಲೆ 10 ದಿರ್ಹಮ್, ಅಂದರೆ ಸುಮಾರು 30 ಗ್ರಾಂ ಬೆಳ್ಳಿಯಷ್ಟಾದರೂ ಇರಬೇಕು. ಬೇಗ ಕೆಡುವ ಹಣ್ಣು, ಮಾಂಸ ಲೆಕ್ಕಕ್ಕಿಲ್ಲ. ಮಾಲೀಕನೇ ಬಂದು ದಾವೆ ಹೂಡಬೇಕು. ಕದ್ದದ್ದನ್ನು ಕಣ್ಣಾರೆ ಕಂಡ ಇಬ್ಬರು ಗಂಡಸರು ಸಾಕ್ಷಿ ಹೇಳಬೇಕು. ಆಗ ಖಾಜಿ ಕೇಳುತ್ತಾನೆ: ಕಳವು ಅಂದರೆ ಏನು, ಹೇಗೆ ನಡೆಯಿತು, ಎಲ್ಲಿ, ಯಾವಾಗ? ಆ 'ಯಾವಾಗ' ಸುಮ್ಮನೆ ಕೇಳಿದ ಪ್ರಶ್ನೆಯಲ್ಲ. ಸಾಕ್ಷಿಗಳು ತಕ್ಕ ಕಾರಣವಿಲ್ಲದೆ ತಡಮಾಡಿದ್ದರೆ (ಅಬೂ ಯೂಸುಫ್ ಲೆಕ್ಕದಲ್ಲಿ ಒಂದು ತಿಂಗಳು), ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದವರು ಈಗ ಹಗೆಯಿಂದ ಬಂದಿರಬಹುದೆಂದು ಹದ್ದ್ ಬಿದ್ದುಹೋಗುತ್ತದೆ. ಮಾಲಿನ ಹಕ್ಕು ಮಾತ್ರ ಉಳಿಯುತ್ತದೆ. ಕಳ್ಳ ತಾನಾಗಿ ಒಪ್ಪಿಕೊಂಡಿದ್ದರೂ ಶಿಕ್ಷೆಗೆ ಮುಂಚೆ ಮಾತು ಹಿಂತೆಗೆದುಕೊಂಡರೆ ಕೈ ಉಳಿಯಿತು. 'ಆ ಪಾತ್ರೆ ನನ್ನದೇ' ಎಂದು ಪುರಾವೆಯಿಲ್ಲದೆ ಹೇಳಿದರೂ ಅಷ್ಟೇ.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಗಟ್ಟಿಯಾದ ತಡೆ ಮಾಲೀಕನ ಲಾಭನಷ್ಟದ್ದು. ಹನಫಿಗಳಲ್ಲಿ ಕೈ ಕಡಿಸುವುದು, ನಷ್ಟ ತುಂಬಿಸುವುದು ಎರಡೂ ಒಟ್ಟಿಗೆ ಇಲ್ಲ. ಪಾತ್ರೆ ಇದ್ದ ಹಾಗೇ ಸಿಕ್ಕರೆ ವಾಪಸ್ ಬರುತ್ತದೆ. ಕಳ್ಳ ಅದನ್ನು ಆಗಲೇ ಕರಗಿಸಿ ದುಡ್ಡು ಖರ್ಚು ಮಾಡಿಬಿಟ್ಟಿದ್ದರೆ, ಕೈ ಕಡಿದ ಮೇಲೆ ಮಾಲೀಕನಿಗೆ ಚಿಕ್ಕಾಸೂ ಇಲ್ಲ. ಹದ್ದ್ ತಪ್ಪಿದರೆ ಪೂರ್ತಿ ಬೆಲೆ ವಸೂಲಿ ಮಾಡಬಹುದು. ತೀರ್ಪಿನ ನಂತರವೂ ಅವನು ಆ ಮಾಲನ್ನು ಕಳ್ಳನಿಗೇ ದಾನ ಕೊಟ್ಟರೆ ಹನಫಿಗಳಲ್ಲಿ ಶಿಕ್ಷೆ ನಿಲ್ಲುತ್ತದೆ. ಇನ್ನೊಂದು ಪಂಥದವರಾದ ಶಾಫಿಗಳು ಇದನ್ನು ಒಪ್ಪುವುದಿಲ್ಲ.

ಹಾಗೆಂದು ಕನ್ನದ ಆ ಇಬ್ಬರು ಮೀಸೆ ತಿರುವಿಕೊಂಡು ಮನೆಗೆ ಹೋಗುತ್ತಿರಲಿಲ್ಲ. ಹದ್ದ್ ತಪ್ಪಿದಲ್ಲಿ ತಾಜೀರ್ ಕಾದಿರುತ್ತಿತ್ತು: ಖಾಜಿಯ ವಿವೇಚನೆಗೆ ಬಿಟ್ಟ ಏಟು, ಸೆರೆವಾಸ. ಅದಕ್ಕೆ ಇಷ್ಟೊಂದು ಪ್ರಶ್ನೆಗಳೂ ಇರಲಿಲ್ಲ.